ನನ್ನ ಐದು ವರ್ಷ, ಅವರ ಮೂರು ವರ್ಷ

ಚಿತ್ರದುರ್ಗದ ಒಂದು ಖಾಸಗಿ ಪದವಿಪೂರ್ವ ಕಾಲೇಜಿಗೆ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ನಾನು ಸೇರಿದ ದಿನವೇ ಕಾಲೇಜಿನ ಕಾರ್ಯದರ್ಶಿಗಳು ನನ್ನ ಮೂಲಪತ್ರಗಳನ್ನೆಲ್ಲ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹತ್ತನೇ ತರಗತಿಯಿಂದ ಎಂ.ಎಸ್ಸಿ. ತನಕದ ಅಂಕಪಟ್ಟಿಗಳು, ಎರಡು ಘಟಿಕೋತ್ಸವ ಪತ್ರಗಳು, ಎಲ್ಲ. "ಪರಿಶೀಲನೆಗೆ ಮೇಡಂ, ಆಮೇಲೆ ಕೊಡ್ತೀವಿ" ಅಂದಿದ್ದರು. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಕೆಲಸ ಸಿಕ್ಕಿದ್ದೇ ದೊಡ್ಡದೆನಿಸಿ ತಲೆಯಾಡಿಸಿ ಬಂದೆ. ಆಮೇಲೆ ಕೇಳಿದಾಗಲೆಲ್ಲ ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿರುತ್ತಿದ್ದರು.

ಅಲ್ಲಿ ಪಾಠ ಮಾಡುತ್ತಿದ್ದ ಎಲ್ಲರದೂ ಇದೇ ಕಥೆ. ವರ್ಷದ ನಡುವೆ ಯಾರೂ ಕೆಲಸ ಬಿಟ್ಟು ಹೋಗಬಾರದು ಅನ್ನುವುದು ಅದರ ಹಿಂದಿನ ಲೆಕ್ಕ. ಕಾಗದವೇ ಕೈಯಲ್ಲಿಲ್ಲದವರು ಎಲ್ಲಿಗೆ ಹೋದಾರು? ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಸಣ್ಣ ದನಿಯಲ್ಲಿ ಮಾತಾಡಿ, ಗಂಟೆ ಹೊಡೆದ ಕೂಡಲೇ ಸೀಮೆಸುಣ್ಣ ಹಿಡಿದು ಎದ್ದುಹೋಗುತ್ತಿದ್ದೆವು. ನಾನು ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸಂಜೆ ಬಸ್ಸಿಗೆ ಹೊತ್ತಿದ್ದರೆ ನಿಲ್ದಾಣದ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದೆ. ಎರಡು ಸಾವಿರದ ಆರೇಳರ ಸುಮಾರು ಅದು. ದುರ್ಗಕ್ಕೆ ಬ್ರಾಡ್‌ಬ್ಯಾಂಡ್ ಬಂದು ಹೆಚ್ಚು ದಿನ ಆಗಿರಲಿಲ್ಲ.

ಇಂಗ್ಲೆಂಡಿನ ಒಂದು ಪ್ರಕಾಶನ ಸಂಸ್ಥೆಯ ಜಾಹೀರಾತನ್ನು ನಾನು ನೋಡಿದ್ದು ಅಲ್ಲೇ. ಅವರು ಶಾಲೆ ಮಕ್ಕಳಿಗೆ ವಿಜ್ಞಾನದ ಅಭ್ಯಾಸ ಪುಸ್ತಕಗಳನ್ನು ಮಾಡುವವರು. ಪುಸ್ತಕದ ಲೆಕ್ಕಗಳನ್ನೂ ಉತ್ತರಗಳನ್ನೂ ಸಮೀಕರಣಗಳನ್ನೂ ಅಚ್ಚಿಗೆ ಮೊದಲು ಪರಿಶೀಲಿಸಲು ಜನ ಬೇಕಾಗಿದ್ದರು. ಯಾವ ದೇಶದಲ್ಲಿ ಕೂತಾದರೂ ಮಾಡಬಹುದಿತ್ತು. ಅದನ್ನು ಓದುತ್ತಿದ್ದಂತೆ ಎದೆ ಹಗುರಾಯಿತು. ಸಮೀಕರಣ ಸರಿದೂಗಿಸುವುದು ನನಗೆ ಅನ್ನ ಬಸಿದಷ್ಟು ಸಲೀಸು. ಅಂದೇ ಅರ್ಜಿ ಕಳಿಸಿದೆ. ಎಂ.ಎಸ್ಸಿ. ಪ್ರಥಮ ದರ್ಜೆ, ಯಾವ ಹೊತ್ತಿನಲ್ಲಾದರೂ ಕೆಲಸಕ್ಕೆ ಸಿದ್ಧ, ಶ್ರದ್ಧೆಯಿಂದ ದುಡಿಯುತ್ತೇನೆ ಎಂದೆಲ್ಲ ಎರಡು ಪುಟ ಬರೆದೆ.

ಅಲ್ಲಿನ ಮ್ಯಾನೇಜರ್ ಹೆಂಗಸಿನಿಂದ ನಾಲ್ಕೇ ಸಾಲಿನ ಉತ್ತರ ಬಂತು. ಈ ಸಲ ತೆಗೆದುಕೊಳ್ಳಲಾಗದು. ನಮಗೆ ಬೇಕಿರುವುದು ಆನರ್ಸ್ ಪದವಿ ಅಥವಾ ಅದಕ್ಕೆ ಸಮನಾದದ್ದು, ನಿಮ್ಮ ಪದವಿ ಯಾವುದಕ್ಕೆ ಸಮ ಎಂದು ನಮಗೆ ಗೊತ್ತಿಲ್ಲ. 'ಯಾವ ಹೊತ್ತಿನಲ್ಲಾದರೂ' ಎಂದು ಬರೆದಿದ್ದೀರಿ, ನಮ್ಮ ಕೆಲಸದ ವೇಳೆಯಲ್ಲಿ ನೀವು ನಿಜವಾಗಿ ಎಷ್ಟು ಹೊತ್ತು ಸಿಗುತ್ತೀರಿ ಎಂದು ತಿಳಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಜನ ತೆಗೆದುಕೊಳ್ಳುತ್ತೇವೆ, ಈ ಎರಡನ್ನೂ ಸ್ಪಷ್ಟಪಡಿಸಿ ಅರ್ಜಿ ಹಾಕಿ.

ನನಗೆ ಸಿಟ್ಟು ಬಂತು. ಓದಿದ್ದು ಓದಿದ್ದೇ, ಅದು ಯಾವುದಕ್ಕೆ ಸಮ ಅಂದರೆ ಏನರ್ಥ? ನೀರು ಇಲ್ಲಿ ಕುದಿದರೂ ನೀರೇ, ಅಲ್ಲಿ ಕುದಿದರೂ ನೀರೇ. ಆದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸುತ್ತ ಹೋದ ಹಾಗೆ, ಆಕೆ ಕೇಳಿದ್ದರಲ್ಲಿ ತಪ್ಪಿಲ್ಲ ಅನ್ನಿಸಿತು. ನನ್ನ ವಿಶ್ವವಿದ್ಯಾಲಯದ ಹೆಸರನ್ನು ಆಕೆ ಎಲ್ಲಿ ಕೇಳಿರಬೇಕು?

ಹೊರದೇಶದ ಪದವಿ ತಮ್ಮಲ್ಲಿನ ಯಾವ ಪದವಿಗೆ ಸಮ ಎಂದು ಬರೆದುಕೊಡುವ ಕಚೇರಿ ಅವರ ದೇಶದಲ್ಲೇ ಇತ್ತು. ಘಟಿಕೋತ್ಸವ ಪತ್ರ, ಅಂಕಪಟ್ಟಿಗಳ ದೃಢೀಕರಿಸಿದ ಪ್ರತಿಗಳನ್ನು ಶುಲ್ಕದೊಂದಿಗೆ ಅಂಚೆಯಲ್ಲಿ ಕಳಿಸಬೇಕು. ಪ್ರತಿಯನ್ನು ದೃಢೀಕರಿಸಲು ಕೋರ್ಟಿನ ಹತ್ತಿರದ ನೋಟರಿಯ ಬಳಿ ಹೋದರೆ ಅವರು ಕನ್ನಡಕ ಮೇಲಕ್ಕೇರಿಸಿ, "ಒರಿಜಿನಲ್ ಎಲ್ಲೈತಮ್ಮ?" ಅಂದರು.

"ಕಾಲೇಜಲ್ಲಿ ಐತೆ ಸರ್."

"ಅದನ್ನ ನೋಡ್ದೆ ನಾನು ಹೆಂಗೆ ಸೈನ್ ಹಾಕ್ಲಿ? ತಗಂಡು ಬಾ, ಎರಡು ನಿಮಿಷದ ಕೆಲಸ."

ಎರಡು ನಿಮಿಷದ ಆ ಕೆಲಸಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಮೊದಲು ಬಾಯಿಮಾತಿನಲ್ಲಿ ಕೇಳಿದೆ. ಕಾರ್ಯದರ್ಶಿಗಳು ನಕ್ಕು, "ಯಾಕ್ರಿ ಮೇಡಂ, ಮದುವೆ ಗಿದುವೆ ಏನಾರ ಐತಾ?" ಅಂದರು. ಆಮೇಲೆ ಬರಹದಲ್ಲಿ ಕೊಟ್ಟೆ. ಅದಕ್ಕೆ ಉತ್ತರವೇ ಇಲ್ಲ. ಪ್ರಿನ್ಸಿಪಾಲರನ್ನು ಕೇಳಿದರೆ ಅವರು ಕಿಟಕಿಯಾಚೆ ನೋಡುತ್ತ, "ನನ್ ಒರಿಜಿನಲ್ಲೂ ಅಲ್ಲೇ ಅವೆ ಕಣಮ್ಮ" ಅಂದರು. ಐವತ್ತು ದಾಟಿದ ಮನುಷ್ಯ. ಅವರ ಮೇಲೆ ಮರುಕ ಬರಬೇಕಿತ್ತು. ಬಂದದ್ದು ಸಿಟ್ಟು. ತನ್ನ ಕಾಗದವನ್ನೇ ಬಿಡಿಸಿಕೊಳ್ಳದೆ ಹತ್ತು ವರ್ಷ ಆ ಕುರ್ಚಿಯಲ್ಲಿ ಹೇಗೆ ಕೂತರು?

ನಮ್ಮಪ್ಪ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು. ಜಗಳವೆಂದರೆ ಅವರಿಗೆ ಆಗದು. "ನೋಡವ್ವ, ಅವರು ದೊಡ್ಡೋರು. ನಾಳೆ ಇನ್ನೊಂದು ಕಾಲೇಜಿಗೆ ಹೋದ್ರೂ ಒಂದು ಫೋನ್ ಮಾಡಿ ಕೆಡಿಸ್ತಾರೆ. ಉಪಾಯದಾಗೆ ಕೇಳು" ಅಂದರು. ಅವ್ವ ಒಲೆಯ ಮುಂದಿನಿಂದ ತಿರುಗದೆಯೇ ಅಂದಳು: "ಅವಳ ವಸ್ತು ಅವಳು ಕೇಳಾಕೆ ಉಪಾಯ ಯಾಕ್ರಿ ಬೇಕು?"

ಅವ್ವನ ಮಾತು ನನಗೆ ಹಿಡಿಸಿತು.

ಜೂನ್ ಬಂತು. ಕಾಲೇಜಿಗೆ ಸೇರಿಸುವವರ ಗದ್ದಲದ ಕಾಲ. ಕಾರ್ಯದರ್ಶಿಗಳ ಕೋಣೆಯ ಹೊರಗೆ ಬೆಂಚುಗಳ ತುಂಬ ಭರಮಸಾಗರ, ಜವನಗೊಂಡನಹಳ್ಳಿ, ಮತ್ತೋಡು ಕಡೆಯಿಂದ ಬಂದ ತಂದೆತಾಯಂದಿರು ಮಕ್ಕಳ ಅಂಕಪಟ್ಟಿ ಹಿಡಿದು ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ನಾನೂ ಹೋಗಿ ಅವರ ನಡುವೆ ಕೂತೆ. ಕ್ಲಾಸು ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ನನ್ನನ್ನು ಎಬ್ಬಿಸುವ ನೆಪ ಯಾರಿಗೂ ಇರಲಿಲ್ಲ. ಪಕ್ಕದಲ್ಲಿದ್ದ ರೈತರೊಬ್ಬರು ಕೇಳಿದರು, "ನೀವೂ ಸೀಟಿಗೆ ಬಂದೀರೇನಮ್ಮ?"

"ಇಲ್ಲ. ಇಲ್ಲೇ ಪಾಠ ಮಾಡ್ತೀನಿ."

"ಮತ್ಯಾಕೆ ಹೊರಗೆ ಕುಂತೀರಿ?"

ಜೋರು ದನಿ ನನ್ನದಲ್ಲ, ಆದರೆ ಹಿಂದಿನ ಬೆಂಚಿಗೆ ಕೇಳುವಂತೆ ಮಾತಾಡುವುದು ಮೇಷ್ಟ್ರಿಗೆ ರೂಢಿ. "ನನ್ನ ಮಾರ್ಕ್ಸ್ ಕಾರ್ಡು ಇವರ ಬೀರುವಿನಾಗೆ ಅವೆ. ಮೂರು ವರ್ಷ ಆತು. ಕೇಳಿದ್ರೆ ಕೊಡವಲ್ರು. ಇವತ್ತು ಕೊಡೋತನಕ ಇಲ್ಲೇ ಕುಂತಿರ್ತೀನಿ" ಅಂದೆ.

ಬೆಂಚಿನ ತುಂಬ ಗುಜುಗುಜು ಎದ್ದಿತು. ಆ ರೈತರು ಮಗನ ಕೈಯಲ್ಲಿದ್ದ ಅಂಕಪಟ್ಟಿಯ ಲಕೋಟೆಯನ್ನು ತೆಗೆದುಕೊಂಡು ತನ್ನ ಚೀಲದೊಳಗಿಟ್ಟುಕೊಂಡರು. ಒಳಗಿಂದ ಕರೆ ಬಂತು.

ಕಾರ್ಯದರ್ಶಿಗಳ ಮುಖ ಕೆಂಪಾಗಿತ್ತು. "ಏನಮ್ಮ ಇದು? ಹೊರಗೆ ಜನದ ಮುಂದೆ ಹಿಂಗೆಲ್ಲ ಮಾತಾಡ್ತಾರಾ?"

"ಒಳಗೆ ಮಾತಾಡಿ ಎರಡು ತಿಂಗಳಾತು ಸರ್."

"ನಿಮಗೆ ಕೆಲಸ ಕೊಟ್ಟೋರು ಯಾರು?"

"ನೀವೇ ಸರ್. ಡಿಗ್ರಿ ಕೊಟ್ಟೋರು ನೀವಲ್ಲ."

ಅವರು ನನ್ನನ್ನೇ ನೋಡುತ್ತ ಕೂತರು. ಬಾಗಿಲಾಚೆ ಯಾರೋ, "ಇಲ್ಲಿ ಒರಿಜಿನಲ್ ಕೊಡಬ್ಯಾಡ್ರಪ್ಪ, ಜೆರಾಕ್ಸ್ ಕೊಡ್ರಿ" ಅನ್ನುವುದು ಕೇಳಿಸಿತು. ಅದು ಅವರಿಗೂ ಕೇಳಿಸಿತು. ಬೀಗದ ಕೈ ಅವರ ಮೇಜಿನ ಖಾನೆಯಲ್ಲೇ ಇತ್ತು. ಮೂರು ವರ್ಷವೂ ಅಲ್ಲೇ ಇದ್ದಿರಬೇಕು.

ಕಾಗದಗಳನ್ನು ಮೇಜಿನ ಮೇಲೆ ಎಸೆದರು. ಫೈಲಿಗೆ ಪೋಣಿಸಲು ಎಲ್ಲದಕ್ಕೂ ತೂತು ಹೊಡೆದಿದ್ದರು. ಎಂ.ಎಸ್ಸಿ. ಕೊನೆಯ ವರ್ಷದ ಅಂಕಪಟ್ಟಿಯಲ್ಲಿ ಒಂದು ತೂತು ನನ್ನ ನೋಂದಣಿ ಸಂಖ್ಯೆಯ ಮೇಲೇ ಬಿದ್ದಿತ್ತು. ಹಾಸ್ಟೆಲಿನ ಸೋರುವ ಕೋಣೆಯಲ್ಲೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನ ಮಾಡಿದ್ದ ಕಾಗದ ಅದು. ಒಂದೊಂದನ್ನೇ ಎಣಿಸಿ ಚೀಲಕ್ಕೆ ಹಾಕಿಕೊಂಡೆ.

ತೂತು ಬಿದ್ದ ಅಂಕಪಟ್ಟಿಯ ನಕಲಿಗಾಗಿ ವಿಶ್ವವಿದ್ಯಾಲಯಕ್ಕೆ ಹೋಗಿ ಅರ್ಜಿ ಕೊಟ್ಟು, ಅದು ಬಂದ ಮೇಲೆ ನೋಟರಿಯ ಸಹಿ ಹಾಕಿಸಿ, ಪೌಂಡಿನ ಡ್ರಾಫ್ಟಿಗಾಗಿ ಬ್ಯಾಂಕಿಗೆ ಅಲೆದು, ಕೊನೆಗೆ ರಿಜಿಸ್ಟರ್ ಅಂಚೆಯಲ್ಲಿ ಎಲ್ಲ ಕಳಿಸಿದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಉತ್ತರ ಬಂತು. ಒಂದೇ ಹಾಳೆ. ಮೂರು ವರ್ಷದ ಬಿ.ಎಸ್ಸಿ. ಅವರ ಆನರ್ಸ್ ಇಲ್ಲದ ಸಾಮಾನ್ಯ ಪದವಿಗೆ ಸಮ. ಅದರ ಮೇಲೆ ಎರಡು ವರ್ಷ ಓದಿದ ಎಂ.ಎಸ್ಸಿ. ಅವರ ಆನರ್ಸ್ ಪದವಿಗೆ ಸಮ.

ಅವರ ಹುಡುಗರು ಮೂರು ವರ್ಷದಲ್ಲಿ ಪಡೆಯುವ ಪದವಿಗೆ ನನ್ನ ಐದು ವರ್ಷ. ಹಾಳೆಯನ್ನು ಮಡಿಸಿದೆ, ಮತ್ತೆ ಬಿಚ್ಚಿ ಓದಿದೆ. ಪ್ರಯೋಗಾಲಯದಲ್ಲಿ ಗ್ಯಾಸ್ ಇಲ್ಲದೆ ಸ್ಪಿರಿಟ್ ದೀಪದಲ್ಲಿ ಕಾಯಿಸಿ ಮುಗಿಸಿದ ಪ್ರಯೋಗಗಳು, ಒಂದೇ ಪುಸ್ತಕಕ್ಕೆ ಹತ್ತು ಜನ ಸರದಿ ಹಚ್ಚಿ ಕೈಬರಹದಲ್ಲಿ ಇಳಿಸಿಕೊಂಡ ಅಧ್ಯಾಯಗಳು ನೆನಪಾದವು. ಅವನ್ನು ತೂಗಲು ಕೂತವರು ಹಾಸ್ಟೆಲನ್ನೂ ನೋಡಿರಲಿಲ್ಲ, ನನ್ನ ಪ್ರಶ್ನೆಪತ್ರಿಕೆಯನ್ನೂ ನೋಡಿರಲಿಲ್ಲ. ಬೀಗ ಹಾಕಿದ ಕಾರ್ಯದರ್ಶಿಗಳ ಮೇಲೆ ಬಂದದ್ದು ಬಿಸಿ ಸಿಟ್ಟು. ಇದು ಬೇರೆ. ಯಾರ ಮುಂದೆ ಹೋಗಿ ಕೂತು ಕೇಳುವುದು ಎಂದೇ ಗೊತ್ತಾಗದ ಸಿಟ್ಟು.

ಅಪ್ಪ ಹಾಳೆಯನ್ನು ಎರಡು ಸಲ ಓದಿದರು. ಜಗಳ ಬೇಡ ಅನ್ನುತ್ತಿದ್ದ ಮನುಷ್ಯನ ದನಿ ಆ ದಿನ ಏರಿತು. "ನಮ್ಮ ಎಮ್ಮೆಸ್ಸಿ ಅವರ ಬೀಯೆಸ್ಸಿನಾ? ಇದನ್ನ ನಿನ್ನ ಕೈಯಾರೆ ಬರ್ದು ಕಳಿಸ್ತೀಯಾ?"

"ಬರೀಬೇಕಪ್ಪ. ಅವರು ಕೇಳಿರೋದೇ ಅದು."

"ಎಮ್ಮೆಸ್ಸಿ ಅಂತ ಬರಿ, ಸಾಕು. ಉಳಿದಿದ್ದು ಅವರು ಬೇಕಾದ್ರೆ ನೋಡ್ಕಳ್ಲಿ."

"ಹೋದ ಸಲ ಹಂಗೇ ಬರ್ದಿದ್ದೆ. ಅವರಿಗೆ ಬೇಕಿರೋದು ಆನರ್ಸ್. ನನ್ನ ಹತ್ರ ಆನರ್ಸಿಗೆ ಸಮ ಅಂತ ಕಾಗದ ಐತೆ. ಅದನ್ನ ಮುಚ್ಚಿಟ್ಟು ಏನು ಮಾಡ್ಲಿ?"

"ಅವಮಾನ ಆಗಲ್ವೇನವ್ವ ನಿನಗೆ?"

"ಆಗ್ತೈತೆ" ಅಂದೆ. "ಆದ್ರೂ ಬರೀತೀನಿ."

ಅಪ್ಪ ಎದ್ದು ಅಂಗಳಕ್ಕೆ ಹೋದರು. ಆ ದಿನ ಊಟಕ್ಕೆ ಕರೆದರೂ ತಡವಾಗಿ ಬಂದರು.

ಇನ್ನು ಹೊತ್ತಿನ ವಿಷಯ. ಇಂಗ್ಲೆಂಡಿಗಿಂತ ನಾವು ಐದೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಅಂತರ ನಾಲ್ಕೂವರೆಗೆ ಇಳಿಯುತ್ತದೆ. ಅವರ ಕಚೇರಿ ಒಂಬತ್ತಕ್ಕೆ ತೆರೆದಾಗ ನಮ್ಮಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆ, ಬೇಸಿಗೆಯಲ್ಲಿ ಒಂದೂವರೆ. ಅವರ ಅರ್ಧ ದಿನ ನನ್ನ ಮಧ್ಯಾಹ್ನ ಮತ್ತು ಸಂಜೆಗೆ ಸರಿಯಾಗಿ ಕೂರುತ್ತಿತ್ತು. ಕಾಲೇಜಿನ ಕೆಲಸ ಮಾತ್ರ ಅದಕ್ಕೆ ಅಡ್ಡ ಬರುತ್ತಿತ್ತು. ಎರಡನ್ನೂ ಮಾಡುತ್ತೇನೆಂದರೆ ಅದು ಸುಳ್ಳು.

ಇನ್ನೊಂದು ತೊಡಕಿತ್ತು, ಕರೆಂಟು. ಆ ವರ್ಷಗಳಲ್ಲಿ ದುರ್ಗದಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ಕರೆಂಟು ತೆಗೆಯುವುದು ಮಾಮೂಲು, ಹೊಳಲ್ಕೆರೆಯಲ್ಲಿ ಕೇಳುವುದೇ ಬೇಡ. ಸೈಬರ್ ಸೆಂಟರಿನ ಯಜಮಾನರನ್ನು ಕೇಳಿದೆ. ತಲೆಮಾರುಗಳಿಂದ ಪೇಟೆಯಲ್ಲಿ ಕಬ್ಬಿಣದ ಅಂಗಡಿ ನಡೆಸಿದ ಮನೆತನದ ಸಾಬರು ಅವರು. ಎಲ್ಲರೂ ಅವರನ್ನು ಭಾಯಿ ಅನ್ನುತ್ತಿದ್ದರು.

"ಭಾಯಿ, ಮಧ್ಯಾಹ್ನದಿಂದ ಸಂಜೆ ಏಳರ ತನಕ ದಿನಾ ಒಂದು ಸಿಸ್ಟಂ ನನಗೇ ಅಂತ ಇಟ್ಟಿರ್ತೀರಾ? ಕರೆಂಟು ಹೋದ್ರೂ ನಿಲ್ಲಬಾರದು."

"ಜನರೇಟರ್ ಐತಲ್ಲಮ್ಮ. ಆದ್ರೆ ಡೀಸೆಲ್ ನಂದು, ಹೊಗೆ ಕುಡಿಯೋದು ನಿಂದು" ಅಂದರು. "ತಿಂಗಳಿಗೆ ಇಷ್ಟು ಅಂತ ಮಾತಾಡ್ಕಳಾಣ. ಕೆಲಸ ಸಿಗಲಿ ಮೊದಲು."

ಹೀಗೆ ಎಲ್ಲ ಖಚಿತವಾದ ಮೇಲೆ ಸೆಪ್ಟೆಂಬರಿನಲ್ಲಿ ಎರಡನೇ ಅರ್ಜಿ ಬರೆದೆ. ಈ ಸಲ ಶ್ರದ್ಧೆ, ನಿಷ್ಠೆ ಯಾವುದೂ ಇಲ್ಲ. ಇಂಗ್ಲಿಷಿನಲ್ಲಿ ಬರೆದ ಆ ಚಿಕ್ಕ ಟಿಪ್ಪಣಿ ಇಷ್ಟೇ ಇತ್ತು: 'ನನ್ನ ಎಂ.ಎಸ್ಸಿ. ರಸಾಯನಶಾಸ್ತ್ರ ಪದವಿಯು ನಿಮ್ಮ ಆನರ್ಸ್ ಪದವಿಗೆ ಸಮವೆಂದು ನಿಮ್ಮ ದೇಶದ ಕಚೇರಿ ನೀಡಿದ ಪತ್ರವನ್ನು ಲಗತ್ತಿಸಿದ್ದೇನೆ. ನಿಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ಚಳಿಗಾಲ ಬೇಸಿಗೆ ಎರಡರಲ್ಲೂ, ಪ್ರತಿ ಕೆಲಸದ ದಿನ ಇಂಟರ್‌ನೆಟ್ಟಿನಲ್ಲಿ ಸಿಗುತ್ತೇನೆ. ವಿದ್ಯುತ್ ಕಡಿತಕ್ಕೆ ಜನರೇಟರ್ ವ್ಯವಸ್ಥೆ ಇದೆ. ಪರೀಕ್ಷೆಗೆ ಸಿದ್ಧಳಿದ್ದೇನೆ.' ಕಳಿಸುವ ಗುಂಡಿ ಒತ್ತುವಾಗ ಹಲ್ಲು ಕಚ್ಚಿಕೊಂಡಿದ್ದೆ.

ನಾಲ್ಕು ದಿನಕ್ಕೆ ಪರೀಕ್ಷೆ ಕಳಿಸಿದರು. ಒಂದು ಅಧ್ಯಾಯ, ಅದರಲ್ಲಿ ಬೇಕೆಂದೇ ತಪ್ಪುಗಳನ್ನು ಸೇರಿಸಿದ್ದರು. ತಿದ್ದಿ ಕಳಿಸಿದೆ. ಆಮೇಲೆ ಮ್ಯಾನೇಜರ್ ಹೆಂಗಸು ಸೆಂಟರಿನ ಫೋನಿಗೇ ಕರೆ ಮಾಡಿದರು. ಮಾತು ಮೆತ್ತಗಿತ್ತು. ಬೇಸಿಗೆ ಗಡಿಯಾರದ ಲೆಕ್ಕವನ್ನೂ ಹಿಡಿದದ್ದು ತಮಗೆ ಮೆಚ್ಚುಗೆಯಾಯಿತು, ಬೇರೆಯವರು ಅದನ್ನು ಮರೆಯುತ್ತಾರೆ ಎಂದರು. ಕೆಲಸ ಕೊಡುತ್ತೇವೆ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಮುಂದಿನ ಮಾತು ಬಂತು. ಪರೀಕ್ಷೆಯಲ್ಲಿ ನೀವು ಚೆನ್ನಾಗಿ ಮಾಡಿದ್ದೀರಿ, ಆದರೆ ಹಿರಿಯ ಪರಿಶೀಲಕರ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕು. ನಿಮ್ಮದು ಆನರ್ಸಿಗೆ ಸಮವಾದ್ದರಿಂದ ಕಿರಿಯ ಹುದ್ದೆ.

"ಹಿರಿಯರಿಗೂ ಇದೇ ಪರೀಕ್ಷೆಯೇ?" ಎಂದು ಕೇಳಿದೆ.

ಹೌದು, ಇದೇ ಎಂದರು.

"ಅವರಿಗಿಂತ ನಾನು ಕಡಿಮೆ ಮಾಡಿದ್ದೇನೆಯೇ?"

ಇಲ್ಲ, ಆದರೆ ಇದು ನಾನು ಮಾಡಿದ ನಿಯಮವಲ್ಲ ಎಂದರು.

ನಿಯಮ ಮಾಡಿದವರು ನನಗೆ ಎಲ್ಲೂ ಸಿಕ್ಕಿಲ್ಲ. ಕಾಲೇಜಿನಲ್ಲೂ ಅದು ಆಡಳಿತ ಮಂಡಳಿಯ ನಿಯಮ, ಪ್ರಿನ್ಸಿಪಾಲರದಲ್ಲ. ಎದುರಿಗೆ ಕೂತವರು ಯಾವಾಗಲೂ ಮೆತ್ತಗೆ ಮಾತಾಡುವವರೇ. ಬೇಡ ಅಂದುಬಿಡಬೇಕು ಅನ್ನಿಸಿತು. ನಾಲಿಗೆ ತುದಿಗೆ ಬಂದಿತ್ತು. ಹಿಂದೆ ಜನರೇಟರ್ ಗುಡುಗುಡು ಅನ್ನುತ್ತಿತ್ತು, ಬಾಗಿಲಲ್ಲಿ ಭಾಯಿ ನಿಂತು ಏನಾಯಿತು ಎಂದು ಕಣ್ಣಲ್ಲೇ ಕೇಳುತ್ತಿದ್ದರು. ಕಿರಿಯ ಹುದ್ದೆಯಾದರೂ ಅದು ಕಾಲೇಜಿಗಿಂತ ಮೇಲಿತ್ತು. ನನ್ನ ಕಾಗದಕ್ಕೆ ತೂತು ಹೊಡೆಯುವವರು ಅಲ್ಲಿರಲಿಲ್ಲ. ಒಪ್ಪಿದೆ. ಫೋನ್ ಇಟ್ಟ ಮೇಲೆ ಭಾಯಿಗೆ, "ಸಿಕ್ತು" ಅಂದೆ.

"ಸಿಕ್ಕೋರ ಮುಖ ಹಿಂಗಿರಲ್ಲಮ್ಮ" ಅಂದರು ಅವರು. ವಿಷಯ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ದುಬೈಗೆ ಹೋದ ತಮ್ಮನ ಡಿಪ್ಲೊಮಾಕ್ಕೂ ಹೀಗೇ ಆಗಿತ್ತು ಎಂದರು. ಸಮಾಧಾನ ಮಾಡಲು ಹೇಳಿದ್ದು. ನನಗೆ ಇನ್ನಷ್ಟು ಉರಿಯಿತು.

ಮರುದಿನ ಕಾಲೇಜಿಗೆ ರಾಜೀನಾಮೆ ಕೊಟ್ಟೆ. ಕಾರ್ಯದರ್ಶಿಗಳು, "ವರ್ಷದ ನಡುವೆ ಮಕ್ಕಳನ್ನ ಬಿಟ್ಟು ಹೋಗ್ತೀರಾ? ಇದೇನಾ ನಿಮ್ಮ ಶಿಕ್ಷಕ ಧರ್ಮ?" ಅಂದರು. ಮಕ್ಕಳ ಮಾತು ನನಗೆ ನಾಟಿತು, ಅದನ್ನು ಆಡಿದ ಬಾಯಿ ಮಾತ್ರ ಸಲ್ಲದ್ದು. ಒಂದು ತಿಂಗಳು ಬೆಳಗಿನ ಹೊತ್ತು ಬಂದು ಪಾಠ ಮುಗಿಸಿಕೊಡುತ್ತೇನೆ ಎಂದೆ, ಹಾಗೇ ಮಾಡಿದೆ. ಆ ತಿಂಗಳ ಸಂಬಳ ಬರಲಿಲ್ಲ.

ಇಂಗ್ಲೆಂಡಿನವರ ಕೆಲಸ ನನಗೆ ಒಗ್ಗಿತು. ಮೊದಮೊದಲು ಭಾಯಿಯ ಸೆಂಟರಿನಲ್ಲಿ, ಆಮೇಲೆ ಮನೆಗೇ ಟೆಲಿಫೋನ್ ಲೈನು, ಯುಪಿಎಸ್ ಬಂದ ಮೇಲೆ ಹೊಳಲ್ಕೆರೆಯಲ್ಲೇ ಮಾಡಿದೆ. ಅಪ್ಪ ಮಧ್ಯಾಹ್ನ ನಾನು ಕೂತ ಕೋಣೆಯ ಬಾಗಿಲು ಮುಂದಕ್ಕೆ ಮಾಡಿ, ಬಂದವರಿಗೆ "ಮಗಳು ಆಫೀಸಿನಾಗೆ ಐದಾಳೆ" ಅನ್ನುತ್ತಿದ್ದರು. ಎರಡು ವರ್ಷದ ಮೇಲೆ ನನ್ನನ್ನು ಹಿರಿಯ ಹುದ್ದೆಗೆ ಏರಿಸಿದರು. ಆದೇಶದಲ್ಲಿ 'ವಿದ್ಯಾರ್ಹತೆಯಲ್ಲಿ ವಿನಾಯಿತಿ ನೀಡಿ' ಎಂದಿತ್ತು. ವಿನಾಯಿತಿ. ಅವರ ಎಷ್ಟೋ ಪುಸ್ತಕಗಳ ತಪ್ಪು ತೆಗೆದುಕೊಟ್ಟ ಮೇಲೆ ನನಗೆ ಕೊಟ್ಟ ಪದ ಅದು. ಆ ಪದವನ್ನು ತೆಗೆದು ಆದೇಶವನ್ನು ಮತ್ತೆ ಕಳಿಸಿ ಎಂದು ಬರೆದೆ. ತೆಗೆಯಲಿಲ್ಲ. ವ್ಯವಸ್ಥೆಯಲ್ಲಿ ಅದೇ ಮಾದರಿ ಇರುವುದು ಎಂದು ಮೆತ್ತಗೆ ಉತ್ತರ ಬಂತು.

ಇದಾದ ಮೇಲೆ ಹಳೆಯ ಕಾಲೇಜಿನಿಂದ ಗಣಿತದ ಉಪನ್ಯಾಸಕಿ ಮನೆಗೆ ಬಂದಳು. ಹಿರಿಯೂರಿನವಳು, ನನಗಿಂತ ಚಿಕ್ಕವಳು. ಅವಳಿಗೂ ಹೊರದೇಶದ ಇಂಥ ಕೆಲಸಕ್ಕೆ ಅರ್ಜಿ ಹಾಕುವ ಆಸೆ. "ಅಕ್ಕ, ನೀವು ಬರ್ದಿದ್ದ ಲೆಟರ್ ಒಂದು ಕೊಡ್ರಿ, ಹಂಗೇ ಬರ್ಕಳ್ತೀನಿ" ಅಂದಳು.

"ಕೊಡ್ತೀನಿ. ನಿನ್ನ ಒರಿಜಿನಲ್ಸ್ ಎಲ್ಲಿ ಅವೆ?"

"ಆ ಬೀರುವಿನಾಗೇ ಅವೆ ಅಕ್ಕ."

ಅವಳ ಜೊತೆ ಕಾಲೇಜಿಗೆ ಹೋದೆ. ಈ ಸಲ ಬೆಂಚಿನ ಮೇಲೆ ನಾವಿಬ್ಬರೇ ಅಲ್ಲ, ಭೌತಶಾಸ್ತ್ರದವರೂ ಇಂಗ್ಲಿಷಿನವರೂ ಬಂದು ಕೂತರು. ಪ್ರಿನ್ಸಿಪಾಲರು ಬರಲಿಲ್ಲ. ಕಾಗದಗಳು ಆ ದಿನವೇ ಸಿಕ್ಕವು. ಮುಂದಿನ ವರ್ಷ ಹೊಸದಾಗಿ ಸೇರಿದವರಿಂದ ಕಾರ್ಯದರ್ಶಿಗಳು ಮತ್ತೆ ಮೂಲಪತ್ರಗಳನ್ನೇ ಇಟ್ಟುಕೊಂಡರೆಂದು ಕೇಳಿದೆ.

ಕೆಲವು ವರ್ಷಗಳ ನಂತರ ಚಿತ್ರದುರ್ಗದಲ್ಲಿ ಆ ಕಾರ್ಯದರ್ಶಿಗಳಿಗೆ ಸನ್ಮಾನ ಇತ್ತು. ಶಿಕ್ಷಣಕ್ಕೆ ಸಲ್ಲಿಸಿದ ಸೇವೆಗಾಗಿ. ನಿವೃತ್ತ ಮೇಷ್ಟ್ರೆಂದು ಅಪ್ಪನಿಗೆ ಆಹ್ವಾನ ಬಂದಿತ್ತು, ಅವರನ್ನು ಕರೆದುಕೊಂಡು ಹೋಗಲು ನಾನು ಬೇಕಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನೂರಾರು ಬಡ ಪದವೀಧರರಿಗೆ ಬದುಕು ಕೊಟ್ಟವರು ಎಂದು ಭಾಷಣಕಾರರೊಬ್ಬರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನಾನು ಕೈಕಟ್ಟಿ ಕೂತಿದ್ದೆ. ಪಕ್ಕದಲ್ಲಿ ಅಪ್ಪನೂ ಚಪ್ಪಾಳೆ ತಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಬಾಗಿ, "ಹೋಗಾಣೇನವ್ವ?" ಅಂದರು.

ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದಂತೆಯೇ ಇಬ್ಬರೂ ಎದ್ದು ನಡುವಿನ ದಾರಿಯಲ್ಲಿ ಹೊರಗೆ ನಡೆದೆವು.